ಗಿಟ್‌ಲ್ಯಾಬ್ ಸ್ಥಗಿತ 2017: ಅಳಿದುಹೋದ ಡೇಟಾಬೇಸ್ ಮತ್ತು ಯಾರನ್ನೂ ದೂಷಿಸದ ತನಿಖಾ ವರದಿ

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಡಾಟ್ ಕಾಮ್ ಎಂಬ ಅಂತರ್ಜಾಲ ಸೇವೆಯ ಮುಖ್ಯ ಡೇಟಾಬೇಸನ್ನು ಅದನ್ನು ಕಾಪಾಡಬೇಕಾದ ಎಂಜಿನಿಯರ್ ಒಬ್ಬರೇ ಅಚಾತುರ್ಯದಿಂದ ಅಳಿಸಿಹಾಕಿದರು. ತಪ್ಪು ಅವರ ಗಮನಕ್ಕೆ ಬರಲು ಹಿಡಿದದ್ದು ಒಂದೆರಡು ಸೆಕೆಂಡುಗಳು ಮಾತ್ರ. ಅಷ್ಟರೊಳಗೆ ಸುಮಾರು 300 ಗಿಗಾಬೈಟ್ ದತ್ತಾಂಶ ಇಲ್ಲವಾಗಿತ್ತು. ಸೇವೆ ಮತ್ತೆ ಆರಂಭವಾಗಲು 18 ಗಂಟೆಗಳಿಗೂ ಹೆಚ್ಚು ಕಾಲ ಬೇಕಾಯಿತು.

ಘಟನೆ ನಡೆದ ಹತ್ತು ದಿನಗಳಲ್ಲಿ, ಅಂದರೆ ಫೆಬ್ರುವರಿ 10ರಂದು, ಸಂಸ್ಥೆಯು ತನ್ನ ತನಿಖಾ ವರದಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿತು. ಆದೇಶ ನೀಡಿದ ವ್ಯಕ್ತಿ ಯಾರೆಂಬುದು ಆ ವರದಿಯ ವಿಷಯವೇ ಆಗಿರಲಿಲ್ಲ. ಒಬ್ಬ ನೌಕರನ ಒಂದು ತಪ್ಪು ಇಡೀ ಸೇವೆಯನ್ನು ಇಷ್ಟು ಹೊತ್ತು ನಿಲ್ಲಿಸಲು ಹೇಗೆ ಸಾಧ್ಯವಾಯಿತು ಎಂಬುದನ್ನು ಅದು ಹಂತಹಂತವಾಗಿ ಶೋಧಿಸಿತು. ತಂತ್ರಾಂಶ ವಲಯದಲ್ಲಿ ಇಂತಹ ದಾಖಲೆಗೆ 'ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್', ಅಂದರೆ ದೂಷಣೆರಹಿತ ಪರಿಶೀಲನೆ, ಎಂಬ ಹೆಸರಿದೆ. ಆ ಬಗೆಯ ವರದಿಗಳಿಗೆ ಗಿಟ್‌ಲ್ಯಾಬ್ ಪ್ರಕರಣ ಉತ್ತಮ ಉದಾಹರಣೆ.

ಏನಿದು ಗಿಟ್‌ಲ್ಯಾಬ್?

ತಂತ್ರಾಂಶ ಬರೆಯುವವರು ತಮ್ಮ ಸಂಕೇತಗಳನ್ನು, ಅಂದರೆ ಕೋಡನ್ನು, ಸಂಗ್ರಹಿಸಿಟ್ಟು ಹಲವರೊಡನೆ ಸೇರಿ ತಿದ್ದಲು ಬಳಸುವ ತಾಣಗಳಲ್ಲಿ ಗಿಟ್‌ಲ್ಯಾಬ್ ಒಂದು. ಕೋಡಿನ ಜೊತೆಗೆ ಯೋಜನೆಗಳ ವಿವರ, ದೋಷಗಳ ಪಟ್ಟಿ, ಅವುಗಳ ಮೇಲಿನ ಚರ್ಚೆ ಹಾಗೂ ಬಳಕೆದಾರರ ಖಾತೆಗಳೂ ಅಲ್ಲಿರುತ್ತವೆ. ಕೋಡಿನ ಕಡತಗಳು ಒಂದು ಕಡೆ, ಉಳಿದ ಎಲ್ಲ ಮಾಹಿತಿ ಇನ್ನೊಂದು ಕಡೆ ಎಂಬುದು ಅಂದಿನ ವ್ಯವಸ್ಥೆ. ಈ ಎರಡನೆಯ ಭಾಗವನ್ನು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ನೋಡಿಕೊಳ್ಳುತ್ತಿತ್ತು.

ಈ ಡೇಟಾಬೇಸಿಗೆ ಎರಡು ಸರ್ವರುಗಳಿದ್ದವು. ಮೊದಲನೆಯದು ಪ್ರಧಾನ ಸರ್ವರ್. ಬಳಕೆದಾರರ ಎಲ್ಲ ಕೆಲಸವನ್ನೂ ಅದೊಂದೇ ನಿರ್ವಹಿಸುತ್ತಿತ್ತು. ಎರಡನೆಯದು ಸಹಾಯಕ ಸರ್ವರ್. ಪ್ರಧಾನ ಸರ್ವರಿನಲ್ಲಿ ಆದ ಪ್ರತಿ ಬದಲಾವಣೆಯನ್ನೂ ಅದು ತಕ್ಷಣ ನಕಲಿಸಿಕೊಳ್ಳುತ್ತ, ಮೊದಲನೆಯದು ಕೈಕೊಟ್ಟರೆ ಅದರ ಜಾಗಕ್ಕೆ ಬರಲು ಸಿದ್ಧವಾಗಿರುತ್ತಿತ್ತು. ಎರಡೂ ಸರ್ವರುಗಳ ಹೆಸರುಗಳನ್ನು ಓದುಗರು ಗಮನಿಸಬೇಕು:

```
db1.cluster.gitlab.com
db2.cluster.gitlab.com
```

ಒಂದು ಅಂಕಿಯ ಹೊರತು ಇವುಗಳ ನಡುವೆ ಬೇರೆ ವ್ಯತ್ಯಾಸವಿಲ್ಲ. ಎಂಜಿನಿಯರುಗಳು ದೂರದಿಂದ ಈ ಸರ್ವರುಗಳಿಗೆ ಪ್ರವೇಶಿಸಿದಾಗ, ತಾವು ಎಲ್ಲಿದ್ದೇವೆ ಎಂಬುದನ್ನು ಪರದೆಯ ಮೇಲಿನ ಹೆಸರನ್ನು ನೋಡಿಯೇ ತಿಳಿಯಬೇಕಿತ್ತು.

ಘಟನಾವಳಿ

ವರದಿಯಲ್ಲಿನ ಸಮಯಗಳು ಅಂತಾರಾಷ್ಟ್ರೀಯ ಪ್ರಮಾಣ ಕಾಲದಲ್ಲಿವೆ. ಭಾರತೀಯ ಕಾಲಮಾನಕ್ಕೆ ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು.

*17.20:* ಡೇಟಾಬೇಸಿನ ಮೇಲಿನ ಹೊರೆಯನ್ನು ಹಲವು ಸರ್ವರುಗಳಿಗೆ ಹಂಚುವ ಪ್ರಯೋಗವೊಂದಕ್ಕೆ ಎಂಜಿನಿಯರ್ ಒಬ್ಬರು ಸಿದ್ಧತೆ ಆರಂಭಿಸಿದರು. ಪ್ರಯೋಗವನ್ನು ನಿಜವಾದ ಸೇವೆಯ ಮೇಲೆ ಮಾಡುವಂತಿಲ್ಲ. ಅದಕ್ಕೆಂದೇ 'ಸ್ಟೇಜಿಂಗ್' ಎಂದು ಕರೆಯಲಾಗುವ ಪ್ರತ್ಯೇಕ ಪರೀಕ್ಷಾ ವ್ಯವಸ್ಥೆ ಇರುತ್ತದೆ. ಅಲ್ಲಿ ಹೊಸ ದತ್ತಾಂಶ ಇರಲಿ ಎಂದು ಅವರು ಮುಖ್ಯ ಡೇಟಾಬೇಸಿನ ಒಂದು ಪ್ರತಿಯನ್ನು, ಅಂದರೆ ಸ್ನ್ಯಾಪ್‌ಶಾಟನ್ನು, ತೆಗೆದು ಸ್ಟೇಜಿಂಗ್‌ಗೆ ಸೇರಿಸಿದರು. ಆ ಹೊತ್ತಿಗೆ ಇದು ನಿತ್ಯದ ಕೆಲಸವಷ್ಟೇ. ಮುಂದೆ ಇದೇ ಪ್ರತಿ ಸಂಸ್ಥೆಯ ಮಾನ ಉಳಿಸಿತು.

*19.00ರ ಸುಮಾರು:* ಡೇಟಾಬೇಸಿನ ಮೇಲೆ ಹೊರೆ ಏಕಾಏಕಿ ಹೆಚ್ಚಿತು. ಅನೇಕ ಬಳಕೆದಾರರಿಗೆ ಪ್ರತಿಕ್ರಿಯೆ ಬರೆಯಲು ಸಾಧ್ಯವಾಗಲಿಲ್ಲ. ಕಿಡಿಗೇಡಿ ಖಾತೆಗಳ ಹಾವಳಿ ಇದಕ್ಕೆ ಕಾರಣ ಎಂದು ತಂಡ ಭಾವಿಸಿತು. ಆದರೆ ಹೊರೆಯ ಒಂದು ಭಾಗಕ್ಕೆ ಬೇರೆಯೇ ಕಾರಣವಿದ್ದುದು ತರುವಾಯ ಗೊತ್ತಾಯಿತು. ಸಂಸ್ಥೆಯ ನೌಕರರೊಬ್ಬರ ಖಾತೆಯ ವಿರುದ್ಧ ದುರ್ಬಳಕೆಯ ದೂರು ಬಂದು, ಅದು ತಪ್ಪಾಗಿ ಅಳಿಸುವ ಪಟ್ಟಿಗೆ ಸೇರಿತ್ತು. ಆ ಖಾತೆಗೆ ಸಂಬಂಧಿಸಿದ ಎಲ್ಲ ಮಾಹಿತಿಯನ್ನು ತೆಗೆದುಹಾಕುವ ಕೆಲಸ ತೆರೆಮರೆಯಲ್ಲಿ ನಡೆದಿತ್ತು.

*23.00ರ ಸುಮಾರು:* ಹೊರೆಯ ಪರಿಣಾಮವಾಗಿ ಸಹಾಯಕ ಸರ್ವರ್ ಹಿಂದೆ ಬಿದ್ದಿತು. ಪ್ರಧಾನ ಸರ್ವರ್ ತನ್ನ ಪ್ರತಿ ಬದಲಾವಣೆಯನ್ನೂ ಒಂದು ದಿನಚರಿಯಲ್ಲಿ ಬರೆದಿಡುತ್ತದೆ. ಸಹಾಯಕ ಸರ್ವರ್ ಅದನ್ನು ಓದಿ ತಾನೂ ಹಾಗೆಯೇ ಬದಲಾಗುತ್ತದೆ. ಹಳೆಯ ಪುಟಗಳನ್ನು ಪ್ರಧಾನ ಸರ್ವರ್ ಕಾಲಕಾಲಕ್ಕೆ ಅಳಿಸುತ್ತದೆ. ಅಂದು ಸಹಾಯಕ ಸರ್ವರ್ ಓದುವ ಮುನ್ನವೇ ಕೆಲವು ಪುಟಗಳು ಅಳಿದಿದ್ದವು. ಅವನ್ನು ಬೇರೆಡೆ ಸಂಗ್ರಹಿಸಿಡುವ ಏರ್ಪಾಡು ಇರಲಿಲ್ಲ. ಹೀಗಾಗಿ ಉಳಿದದ್ದು ಒಂದೇ ದಾರಿ: ಸಹಾಯಕ ಸರ್ವರಿನಲ್ಲಿರುವ ದತ್ತಾಂಶವನ್ನೆಲ್ಲ ಅಳಿಸಿ, ಪ್ರಧಾನ ಸರ್ವರಿನಿಂದ ಮೊದಲಿನಿಂದ ನಕಲಿಸಿಕೊಳ್ಳುವುದು.

ಎಂಜಿನಿಯರುಗಳು ಸಹಾಯಕ ಸರ್ವರನ್ನು ಖಾಲಿ ಮಾಡಿ, ನಕಲು ಮಾಡುವ `pg_basebackup` ಎಂಬ ಉಪಕರಣವನ್ನು ಓಡಿಸಿದರು. ಅದು ಏನೂ ಹೇಳದೆ ಸುಮ್ಮನೆ ನಿಂತಿತು. ಕೆಲವು ಪ್ರಯತ್ನಗಳ ಅನಂತರ, ನಕಲಿಗೆ ಬೇಕಾದ ಸಂಪರ್ಕಗಳು ಪ್ರಧಾನ ಸರ್ವರಿನಲ್ಲಿ ಸಾಲದು ಎಂದು ತಿಳಿಸಿತು. ಆ ಸಂಪರ್ಕಗಳ ಮಿತಿಯನ್ನು 3ರಿಂದ 32ಕ್ಕೆ ಏರಿಸಿದಾಗ ಪ್ರಧಾನ ಡೇಟಾಬೇಸೇ ಮರುಚಾಲನೆಗೊಳ್ಳಲು ನಿರಾಕರಿಸಿತು. ಬಳಕೆದಾರರ ಸಂಪರ್ಕಗಳ ಮಿತಿಯಾದ `max_connections` 8000ದಷ್ಟು ಎತ್ತರದಲ್ಲಿದ್ದುದೇ ಇದಕ್ಕೆ ಕಾರಣ. ಅದನ್ನು 2000ಕ್ಕೆ ಇಳಿಸಿದ ಮೇಲೆ ಡೇಟಾಬೇಸ್ ಎದ್ದಿತು. ನಕಲು ಉಪಕರಣ ಮಾತ್ರ ಮತ್ತೆ ಮೌನವಾಗಿ ನಿಂತಿತು.

*23.30ರ ಸುಮಾರು:* ಹಿಂದಿನ ವಿಫಲ ಪ್ರಯತ್ನಗಳು ಬಿಟ್ಟುಹೋದ ಕಡತಗಳು ಅಡ್ಡಿಯಾಗಿರಬಹುದು ಎಂದು ಎಂಜಿನಿಯರ್ ಊಹಿಸಿದರು. ದತ್ತಾಂಶದ ಕೋಶವನ್ನು ಪೂರ್ತಿ ತೆಗೆದು ಮತ್ತೆ ಆರಂಭಿಸೋಣವೆಂದು ಅಳಿಸುವ ಆದೇಶ ಕೊಟ್ಟರು. ತಾವು `db2` ಸರ್ವರಿನಲ್ಲಿ ಇದ್ದೇವೆಂದು ಅವರು ತಿಳಿದಿದ್ದರು. ಆದೇಶ ಹೋದದ್ದು `db1` ಸರ್ವರಿಗೆ. ಒಂದೆರಡು ಸೆಕೆಂಡುಗಳಲ್ಲಿ ಎಚ್ಚೆತ್ತು ಅದನ್ನು ತಡೆದರು. ಆದರೆ ಉಳಿದದ್ದು ಕೇವಲ 4.5 ಗಿಗಾಬೈಟ್.

ಆ ಕ್ಷಣದ ಸ್ಥಿತಿಯನ್ನು ಗಮನಿಸಬೇಕು. ಸಹಾಯಕ ಸರ್ವರನ್ನು ತಂಡವೇ ಉದ್ದೇಶಪೂರ್ವಕವಾಗಿ ಖಾಲಿ ಮಾಡಿತ್ತು. ಪ್ರಧಾನ ಸರ್ವರ್ ಅಚಾತುರ್ಯದಿಂದ ಖಾಲಿಯಾಯಿತು. ಒಂದು ಹೋದರೆ ಇನ್ನೊಂದು ಎಂಬ ಆಸರೆ ಅತ್ಯಂತ ಅಗತ್ಯವಿದ್ದ ಗಳಿಗೆಯಲ್ಲೇ ಇಲ್ಲವಾಗಿತ್ತು.

ಐದು ಆಸರೆಗಳು, ಒಂದೂ ಒದಗಲಿಲ್ಲ

ಇಲ್ಲಿಯವರೆಗಿನದು ಮನುಷ್ಯಸಹಜವಾದ ತಪ್ಪಿನ ಕಥೆ. ಇಂಥ ತಪ್ಪು ನಡೆದೇ ನಡೆಯುತ್ತದೆಂದು ಊಹಿಸಿಯೇ ಎಲ್ಲ ಸಂಸ್ಥೆಗಳೂ ಬ್ಯಾಕಪ್ ಇಟ್ಟುಕೊಳ್ಳುತ್ತವೆ. ಬ್ಯಾಕಪ್‌ನಿಂದ ದತ್ತಾಂಶ ತಂದು ಒಂದೆರಡು ಗಂಟೆಗಳಲ್ಲಿ ಸೇವೆ ಪುನರಾರಂಭಿಸಿದ್ದರೆ ಈ ಘಟನೆ ಇಂದು ಯಾರ ನೆನಪಿನಲ್ಲೂ ಇರುತ್ತಿರಲಿಲ್ಲ. ಎಂಜಿನಿಯರುಗಳು ಬ್ಯಾಕಪ್ ಹುಡುಕಲು ಹೊರಟಾಗ ನಿಜವಾದ ಆಘಾತ ಎದುರಾಯಿತು.

ದಿನಕ್ಕೊಮ್ಮೆ ಡೇಟಾಬೇಸಿನ ಪೂರ್ಣ ಪ್ರತಿಯನ್ನು `pg_dump` ಎಂಬ ಉಪಕರಣ ತೆಗೆದು ಅಮೆಜಾನ್ ಸಂಸ್ಥೆಯ ಎಸ್3 ಸಂಗ್ರಹಾಗಾರಕ್ಕೆ ಕಳುಹಿಸಬೇಕಿತ್ತು. ಅಲ್ಲಿ ನೋಡಿದರೆ ಸಂಗ್ರಹವೇ ಬರಿದು. ಕಾರಣ ಹುಡುಕಿದಾಗ ದೊರೆತದ್ದು ಇದು: ಗಿಟ್‌ಲ್ಯಾಬ್‌ನ ಡೇಟಾಬೇಸ್ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ 9.6ನೇ ಆವೃತ್ತಿಯಲ್ಲಿತ್ತು. ಪ್ರತಿ ತೆಗೆಯುವ ಉಪಕರಣ 9.2ನೇ ಆವೃತ್ತಿಯದಾಗಿತ್ತು. ಹಳೆಯ ಉಪಕರಣ ಹೊಸ ಡೇಟಾಬೇಸನ್ನು ಓದಲಾರದು. ಅದು ದೋಷ ಸೂಚಿಸಿ ನಿಂತುಬಿಡುತ್ತದೆ.

ಎರಡೂ ಬೇರೆಯಾದದ್ದು ಹೇಗೆ? ಯಾವ ಆವೃತ್ತಿಯ ಉಪಕರಣ ಬಳಸಬೇಕೆಂದು ಗಿಟ್‌ಲ್ಯಾಬ್‌ನ ತಂತ್ರಾಂಶ ತಾನೇ ನಿರ್ಧರಿಸುತ್ತಿತ್ತು. ಡೇಟಾಬೇಸಿನ ಕೋಶದಲ್ಲಿರುವ `PG_VERSION` ಎಂಬ ಕಡತವನ್ನು ಓದಿ, ಅದರಲ್ಲಿರುವ ಸಂಖ್ಯೆಗೆ ತಕ್ಕ ಉಪಕರಣವನ್ನು ಆರಿಸಿಕೊಳ್ಳುತ್ತಿತ್ತು. ಆದರೆ ಬ್ಯಾಕಪ್ ಕೆಲಸ ನಡೆಯುತ್ತಿದ್ದದ್ದು ಡೇಟಾಬೇಸ್ ಇಲ್ಲದ ಬೇರೊಂದು ಸರ್ವರಿನಲ್ಲಿ. ಅಲ್ಲಿ ಆ ಕಡತವೇ ಇರಲಿಲ್ಲ. ಕಡತ ಸಿಗದಿದ್ದರೆ 9.2 ಎಂದು ಭಾವಿಸುವುದು ತಂತ್ರಾಂಶದ ಪೂರ್ವನಿರ್ಧಾರವಾಗಿತ್ತು. ಎರಡು ಆಯ್ಕೆಗಳನ್ನೂ ಬಿಡಿಬಿಡಿಯಾಗಿ ನೋಡಿದರೆ ಅಸಂಬದ್ಧವೆನಿಸವು. ಅವೆರಡೂ ಸೇರಿದ ಕಡೆ ಬ್ಯಾಕಪ್ ಸತ್ತಿತ್ತು.

ಬ್ಯಾಕಪ್ ವಿಫಲವಾದರೆ ಮಿಂಚಂಚೆಯ ಮೂಲಕ ಎಚ್ಚರಿಕೆ ಬರುವ ಏರ್ಪಾಡು ಇತ್ತು. ಎಚ್ಚರಿಕೆಗಳು ಹೊರಟೂ ಇದ್ದವು. ಆದರೆ ನಕಲಿ ಮಿಂಚಂಚೆಗಳನ್ನು ತಡೆಯುವ ಡಿಮಾರ್ಕ್ ಎಂಬ ಭದ್ರತಾ ನಿಯಮಕ್ಕೆ ಈ ಸ್ವಯಂಚಾಲಿತ ಸಂದೇಶಗಳು ಹೊಂದುತ್ತಿರಲಿಲ್ಲ. ಸ್ವೀಕರಿಸಬೇಕಾದ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಬ್ಯಾಕಪ್ ಆಗುತ್ತಿಲ್ಲ ಎಂಬ ಕೂಗು ಯಾರ ಕಿವಿಗೂ ಬೀಳಲಿಲ್ಲ. ಸಂದೇಶ ಬರದಿದ್ದುದನ್ನೇ ಎಲ್ಲವೂ ಸರಿಯಾಗಿದೆ ಎಂಬುದರ ಲಕ್ಷಣವೆಂದು ತಂಡ ತಿಳಿದಿತ್ತು.

ಗಿಟ್‌ಲ್ಯಾಬ್ ಆಗ ಮೈಕ್ರೋಸಾಫ್ಟ್‌ನ ಅಜೂರ್ ವ್ಯವಸ್ಥೆಯಲ್ಲಿ ನಡೆಯುತ್ತಿತ್ತು. ಅಲ್ಲಿ ಇಡೀ ಡಿಸ್ಕಿನ ಪ್ರತಿ ತೆಗೆದಿಡುವ ಸೌಲಭ್ಯವಿತ್ತು. ಅದನ್ನು ಕೋಡಿನ ಕಡತಗಳಿರುವ ಸರ್ವರುಗಳಿಗೆ ಅಳವಡಿಸಲಾಗಿತ್ತು. ಡೇಟಾಬೇಸ್ ಸರ್ವರುಗಳಿಗೆ ಉಳಿದ ಬ್ಯಾಕಪ್‌ಗಳು ಸಾಕೆಂಬ ನಂಬಿಕೆಯಿಂದ ಅದನ್ನು ಅಳವಡಿಸಿರಲಿಲ್ಲ.

ಹೀಗೆ ಸಹಾಯಕ ಸರ್ವರ್, ದಿನಚರಿಯ ಸಂಗ್ರಹ, ದೈನಿಕ ಪ್ರತಿ, ಎಚ್ಚರಿಕೆಯ ಸಂದೇಶ, ಡಿಸ್ಕಿನ ಪ್ರತಿ ಎಂಬ ಐದು ಆಸರೆಗಳಲ್ಲಿ ಯಾವುದೂ ಒದಗಲಿಲ್ಲ. ಉಳಿದದ್ದು ಸ್ನ್ಯಾಪ್‌ಶಾಟುಗಳು ಮಾತ್ರ. ಅವು ಕೂಡ ಸ್ಟೇಜಿಂಗ್ ವ್ಯವಸ್ಥೆಗೆ ದತ್ತಾಂಶ ಒದಗಿಸಲೆಂದು 24 ಗಂಟೆಗೊಮ್ಮೆ ತೆಗೆಯುತ್ತಿದ್ದವೇ ಹೊರತು ವಿಪತ್ತಿನ ರಕ್ಷಣೆಗೆಂದು ಇದ್ದವಲ್ಲ. ಅಂದು ಸಂಜೆ 17.20ಕ್ಕೆ ಎಂಜಿನಿಯರ್ ಕೈಯಾರೆ ತೆಗೆದ ಪ್ರತಿ ಸುಮಾರು ಆರು ಗಂಟೆ ಹಳೆಯದು. ಅದನ್ನು ಬಿಟ್ಟರೆ ಇದ್ದದ್ದು ಒಂದು ದಿನದಷ್ಟು ಹಳೆಯ ಪ್ರತಿ. ಸಂಬಂಧವೇ ಇಲ್ಲದ ಪ್ರಯೋಗವೊಂದರ ಸಿದ್ಧತೆ ಅಂದೇ ನಡೆದಿರದಿದ್ದರೆ ನಷ್ಟ ಹಲವು ಪಟ್ಟು ಹೆಚ್ಚುತ್ತಿತ್ತು.

18 ಗಂಟೆ ಏಕೆ?

ಪ್ರತಿ ಸಿಕ್ಕಿತು. ಹಾಗಾದರೆ ಸೇವೆ ಬೇಗನೆ ಏಕೆ ಆರಂಭವಾಗಲಿಲ್ಲ? ಆ ಪ್ರತಿ ಇದ್ದದ್ದು ಸ್ಟೇಜಿಂಗ್‌ನಲ್ಲಿ. ಪರೀಕ್ಷೆಗಷ್ಟೇ ಬಳಸುವ ವ್ಯವಸ್ಥೆಯೆಂದು ಅಲ್ಲಿ ಅಗ್ಗದ, ನಿಧಾನದ ಡಿಸ್ಕುಗಳನ್ನು ಬಳಸಲಾಗಿತ್ತು. ಅವುಗಳ ವೇಗಕ್ಕೆ ಸೆಕೆಂಡಿಗೆ ಸುಮಾರು 60 ಮೆಗಾಬಿಟ್‌ಗಳ ಮಿತಿಯಿತ್ತು. ಹೆಚ್ಚು ವೇಗದ ಡಿಸ್ಕಿಗೆ ಬದಲಾಯಿಸಿಕೊಳ್ಳುವ ಸುಲಭ ದಾರಿಯೂ ಆ ಹಳೆಯ ವ್ಯವಸ್ಥೆಯಲ್ಲಿರಲಿಲ್ಲ. ನೂರಾರು ಗಿಗಾಬೈಟ್ ದತ್ತಾಂಶ ಆ ಕಿರಿದಾದ ದಾರಿಯಲ್ಲೇ ಸಾಗಬೇಕಾಯಿತು.

ಇನ್ನೂ ಎರಡು ತೊಡಕುಗಳಿದ್ದವು. ಸ್ಟೇಜಿಂಗ್‌ಗೆ ದತ್ತಾಂಶ ತರುವಾಗ ವೆಬ್‌ಹುಕ್‌ಗಳನ್ನು, ಅಂದರೆ ಹೊರಗಿನ ಸೇವೆಗಳಿಗೆ ತಾನಾಗಿ ಸಂದೇಶ ಕಳುಹಿಸುವ ಜೋಡಣೆಗಳನ್ನು, ತೆಗೆದುಹಾಕುವ ಪದ್ಧತಿಯಿತ್ತು. ಪರೀಕ್ಷಾ ವ್ಯವಸ್ಥೆಯಿಂದ ನಿಜವಾದ ಗ್ರಾಹಕರಿಗೆ ತಪ್ಪಾಗಿ ಸಂದೇಶ ಹೋಗಬಾರದೆಂಬ ಮುನ್ನೆಚ್ಚರಿಕೆ ಅದು. ಪರಿಣಾಮವಾಗಿ ಆರು ಗಂಟೆ ಹಳೆಯ ಪ್ರತಿಯಲ್ಲಿ ವೆಬ್‌ಹುಕ್‌ಗಳೇ ಇರಲಿಲ್ಲ. ಅವನ್ನು 24 ಗಂಟೆ ಹಳೆಯ ಪ್ರತಿಯಿಂದ ಬೇರೆಯಾಗಿ ತರಬೇಕಾಯಿತು.

ಎರಡನೆಯದು ಕ್ರಮಸಂಖ್ಯೆಗಳ ಸಮಸ್ಯೆ. ಹೊಸ ಯೋಜನೆ, ಹೊಸ ಖಾತೆ ಪ್ರತಿಯೊಂದಕ್ಕೂ ಡೇಟಾಬೇಸ್ ಮುಂದಿನ ಸಂಖ್ಯೆಯನ್ನು ನೀಡುತ್ತದೆ. ಆರು ಗಂಟೆ ಹಿಂದಕ್ಕೆ ಹೋದ ಡೇಟಾಬೇಸಿಗೆ ಆ ಅವಧಿಯಲ್ಲಿ ಕೊಟ್ಟ ಸಂಖ್ಯೆಗಳ ನೆನಪಿಲ್ಲ. ಅದೇ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಟ್ಟರೆ ಹಳೆಯ ಕಡತವೊಂದು ಹೊಸಬರ ಹೆಸರಿಗೆ ಅಂಟಿಕೊಳ್ಳುವ ಅಪಾಯವಿತ್ತು. ಆದ್ದರಿಂದ ಎಲ್ಲ ಕ್ರಮಸಂಖ್ಯೆಗಳನ್ನೂ ಒಂದು ಲಕ್ಷದಷ್ಟು ಮುಂದಕ್ಕೆ ತಳ್ಳಲಾಯಿತು.

ಫೆಬ್ರುವರಿ 1ರ ಸಂಜೆ 18 ಗಂಟೆ ದಾಟಿದ ಮೇಲೆ ಸೇವೆ ಮತ್ತೆ ತೆರೆಯಿತು. ಭಾರತದಲ್ಲಿ ಆಗ ಮಧ್ಯರಾತ್ರಿ ಸಮೀಪಿಸಿತ್ತು. ಅಂದು ಬುಧವಾರ. ಅಳಿಸುವ ಆದೇಶ ಹೊರಟದ್ದು ಇಲ್ಲಿನ ಬೆಳಗಿನ ಐದರ ಹೊತ್ತಿಗೆ. ಹೀಗಾಗಿ ಬೆಂಗಳೂರು ಸೇರಿದಂತೆ ಭಾರತದಲ್ಲಿ ಈ ತಾಣವನ್ನು ನಂಬಿದ್ದವರಿಗೆ ಇಡೀ ಕೆಲಸದ ದಿನ ಅದು ಮುಚ್ಚಿದ ಬಾಗಿಲಾಗಿತ್ತು.

ನಷ್ಟದ ಲೆಕ್ಕ

ಒಳ್ಳೆಯ ವರದಿಯೊಂದು ಏನು ಹೋಯಿತು ಎಂಬುದರಷ್ಟೇ ಸ್ಪಷ್ಟವಾಗಿ ಏನು ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಬಳಕೆದಾರ ತನ್ನ ನಷ್ಟವನ್ನು ತಾನೇ ಅಳೆಯಲು ಇದು ಅಗತ್ಯ. ಗಿಟ್‌ಲ್ಯಾಬ್ ವರದಿಯ ಪ್ರಕಾರ ಜನವರಿ 31ರ 17.20ರಿಂದ 24 ಗಂಟೆಯವರೆಗೆ ಡೇಟಾಬೇಸಿನಲ್ಲಿ ಆದ ಬದಲಾವಣೆಗಳು ಶಾಶ್ವತವಾಗಿ ನಷ್ಟವಾದವು. ಸಂಸ್ಥೆಯ ಅಂದಾಜಿನಂತೆ ಸುಮಾರು 5,000 ಯೋಜನೆಗಳು, 5,000 ಪ್ರತಿಕ್ರಿಯೆಗಳು ಹಾಗೂ 700 ಹೊಸ ಬಳಕೆದಾರ ಖಾತೆಗಳು ಇದಕ್ಕೆ ಸಿಲುಕಿದ್ದವು.

ಕೋಡಿನ ಕಡತಗಳು ಬೇರೆ ಸರ್ವರುಗಳಲ್ಲಿ ಇದ್ದುದರಿಂದ ಅವುಗಳಿಗೆ ಹಾನಿಯಾಗಲಿಲ್ಲ. ಸೇವೆ ನಿಂತಿದ್ದಾಗ ಅವು ಕೈಗೆ ಸಿಗಲಿಲ್ಲ, ಅಷ್ಟೇ. ಗಿಟ್‌ಲ್ಯಾಬ್ ತಂತ್ರಾಂಶವನ್ನು ತಮ್ಮದೇ ಸರ್ವರುಗಳಲ್ಲಿ ನಡೆಸುತ್ತಿದ್ದ ಸಂಸ್ಥೆಗಳಿಗೆ ಯಾವ ತೊಂದರೆಯೂ ತಟ್ಟಲಿಲ್ಲ.

ಸ್ಥಗಿತದ ವೇಳೆ ಸಂಸ್ಥೆ ತನ್ನ ಆಂತರಿಕ ಟಿಪ್ಪಣಿಗಳ ಕಡತವನ್ನೇ ಎಲ್ಲರೂ ಓದುವಂತೆ ತೆರೆದಿಟ್ಟಿತು. ದುರಸ್ತಿ ಕಾರ್ಯವನ್ನು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿತು. ಒಂದು ಹಂತದಲ್ಲಿ ಸುಮಾರು 5,000 ಮಂದಿ ಅದನ್ನು ವೀಕ್ಷಿಸುತ್ತಿದ್ದರು. ಅಂದಿನ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಸಿಡ್ ಸಿಬ್ರಾಂಡಿ ವರದಿಯಲ್ಲಿ ವೈಯಕ್ತಿಕವಾಗಿ ಕ್ಷಮೆ ಕೋರಿದರು.

ಕಾರಣಗಳ ಸರಪಣಿ

ವರದಿಯು 'ಐದು ಏಕೆ' ಎಂಬ ವಿಧಾನವನ್ನು ಅನುಸರಿಸಿತು. ಪ್ರತಿ ಉತ್ತರಕ್ಕೂ ಮತ್ತೆ 'ಏಕೆ' ಎಂದು ಕೇಳುತ್ತ ಆಳಕ್ಕೆ ಇಳಿಯುವುದು ಈ ವಿಧಾನ. ಸಮಸ್ಯೆಯನ್ನು ಎರಡಾಗಿ ಒಡೆದುಕೊಂಡದ್ದು ಇಲ್ಲಿನ ಮುಖ್ಯ ಹೆಜ್ಜೆ. ಸೇವೆ ಬಿದ್ದದ್ದೇಕೆ ಎಂಬುದು ಒಂದು ಪ್ರಶ್ನೆ. ಏಳಲು ಅಷ್ಟು ಹೊತ್ತಾದದ್ದೇಕೆ ಎಂಬುದು ಇನ್ನೊಂದು.

ಮೊದಲ ಪ್ರಶ್ನೆಯ ಸರಪಣಿ ಹೀಗಿದೆ. ಡೇಟಾಬೇಸ್ ಅಳಿದದ್ದು ತಪ್ಪು ಸರ್ವರಿನಲ್ಲಿ ಆದೇಶ ಕೊಟ್ಟದ್ದರಿಂದ. ಆದೇಶ ಕೊಡಬೇಕಾಗಿ ಬಂದದ್ದು ಸಹಾಯಕ ಸರ್ವರಿನ ನಕಲು ನಿಂತದ್ದರಿಂದ. ಅದು ನಿಂತದ್ದು ಹೊರೆ ಹೆಚ್ಚಿದ್ದರಿಂದ ಮತ್ತು ದಿನಚರಿಯ ಸಂಗ್ರಹ ಇಲ್ಲದ್ದರಿಂದ. ದಾರಿಯಲ್ಲಿ ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ಆ ರಾತ್ರಿ ನಕಲು ಉಪಕರಣ ಮೌನವಾಗಿ ನಿಂತದ್ದು ದೋಷವೇ ಆಗಿರಲಿಲ್ಲ. ಪ್ರಧಾನ ಸರ್ವರ್ ದತ್ತಾಂಶ ಕಳುಹಿಸಲು ಆರಂಭಿಸುವವರೆಗೆ `pg_basebackup` ಸದ್ದಿಲ್ಲದೆ ಕಾಯುತ್ತದೆ. ಅದು ಅದರ ಸಹಜ ನಡವಳಿಕೆ. ಈ ವಿಷಯ ಸಂಸ್ಥೆಯ ಕೈಪಿಡಿಯಲ್ಲಿ ಇರಲಿಲ್ಲ. ಉಪಕರಣದ ಅಧಿಕೃತ ವಿವರಣೆಯಲ್ಲೂ ಸ್ಪಷ್ಟವಾಗಿರಲಿಲ್ಲ. 'ಕಾಯುತ್ತಿದ್ದೇನೆ' ಎಂಬ ಒಂದು ಸಾಲು ಪರದೆಯ ಮೇಲೆ ಮೂಡಿದ್ದರೆ ಆ ಅಳಿಸುವ ಆದೇಶದ ಅಗತ್ಯವೇ ಬೀಳುತ್ತಿರಲಿಲ್ಲ.

ಎರಡನೆಯ ಪ್ರಶ್ನೆಯ ಸರಪಣಿ ಬ್ಯಾಕಪ್‌ನಿಂದ ಹೊರಡುತ್ತದೆ. ಬ್ಯಾಕಪ್ ಇರಲಿಲ್ಲ, ಏಕೆಂದರೆ ಉಪಕರಣದ ಆವೃತ್ತಿ ತಪ್ಪಾಗಿತ್ತು. ಅದು ತಿಳಿಯಲಿಲ್ಲ, ಏಕೆಂದರೆ ಎಚ್ಚರಿಕೆಗಳು ತಲುಪಲಿಲ್ಲ. ಆದರೂ ಬ್ಯಾಕಪ್‌ನಿಂದ ದತ್ತಾಂಶವನ್ನು ಮರಳಿ ತರುವ ಅಭ್ಯಾಸವನ್ನು ಆಗಾಗ ನಡೆಸಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಆ ಅಭ್ಯಾಸ ಏಕೆ ನಡೆದಿರಲಿಲ್ಲ? ಸರಪಣಿಯ ಕೊನೆಯ ಉತ್ತರ ಸರಳ: ಅದಕ್ಕೆ ಹೊಣೆಗಾರರೇ ಇರಲಿಲ್ಲ. ಯಾರ ಕೆಲಸವೂ ಅಲ್ಲದ ಕೆಲಸವನ್ನು ಯಾರೂ ಮಾಡಿರಲಿಲ್ಲ.

ಕೈಗೊಂಡ ಕ್ರಮಗಳು

ಪ್ರತಿ ಕಾರಣಕ್ಕೂ ಒಂದು ಪರಿಹಾರವನ್ನು ವರದಿ ಸೂಚಿಸಿತು. ಅವುಗಳನ್ನು ಸಂಖ್ಯೆ ಸಹಿತ ಸಾರ್ವಜನಿಕ ಪಟ್ಟಿಯಲ್ಲಿ ಹಾಕಿದ್ದರಿಂದ ಯಾವುದು ಮುಗಿದಿದೆ, ಯಾವುದು ಬಾಕಿ ಎಂಬುದನ್ನು ಹೊರಗಿನವರೂ ನೋಡಬಹುದಿತ್ತು. ಮುಖ್ಯವಾದವು ಇವು:

- ಪ್ರತಿ ಸರ್ವರಿನ ಪರದೆಯಲ್ಲೂ ಅದು ಯಾವ ಸರ್ವರ್, ನಿಜವಾದ ಸೇವೆಯದೋ ಪರೀಕ್ಷೆಯದೋ ಎಂಬುದು ಎದ್ದು ಕಾಣುವಂತೆ ಸೂಚನೆ ಅಳವಡಿಸುವುದು.
- ಬ್ಯಾಕಪ್‌ಗಳ ಮೇಲೆ ನಿಗಾ ವ್ಯವಸ್ಥೆ ಇಡುವುದು.
- ಡೇಟಾಬೇಸಿನ ಸ್ನ್ಯಾಪ್‌ಶಾಟನ್ನು ದಿನಕ್ಕೊಮ್ಮೆಯ ಬದಲು ಗಂಟೆಗೊಮ್ಮೆ ತೆಗೆಯುವುದು. ಡೇಟಾಬೇಸ್ ಸರ್ವರುಗಳಿಗೂ ಅಜೂರ್‌ನ ಡಿಸ್ಕ್ ಪ್ರತಿಗಳನ್ನು ಅಳವಡಿಸುವುದು.
- ಬದಲಾವಣೆಗಳ ದಿನಚರಿಯನ್ನು ಬೇರೆಡೆ ಸಂಗ್ರಹಿಸಿ, ಬೇಕಾದ ಕ್ಷಣಕ್ಕೆ ಡೇಟಾಬೇಸನ್ನು ಮರಳಿ ತರುವ ಸಾಧ್ಯತೆಯನ್ನು ಪರಿಶೀಲಿಸುವುದು.
- ಬ್ಯಾಕಪ್‌ನಿಂದ ದತ್ತಾಂಶ ಮರಳಿ ತರುವ ಪರೀಕ್ಷೆಯನ್ನು ಸ್ವಯಂಚಾಲಿತವಾಗಿ ನಡೆಸುವುದು.
- ದತ್ತಾಂಶದ ಸುರಕ್ಷತೆಗೆ ಒಬ್ಬ ಹೊಣೆಗಾರರನ್ನು ನೇಮಿಸುವುದು.

ಈ ಪಟ್ಟಿಯಲ್ಲಿ 'ಇನ್ನು ಮುಂದೆ ಎಲ್ಲರೂ ಜಾಗರೂಕರಾಗಿರತಕ್ಕದ್ದು' ಎಂಬ ಸಾಲು ಇಲ್ಲದಿರುವುದು ಗಮನಾರ್ಹ. ಅಂಥ ಸೂಚನೆ ಪಾಲನೆಯಾಯಿತೇ ಎಂದು ಪರೀಕ್ಷಿಸಲು ಯಾವ ಮಾನದಂಡವೂ ಇಲ್ಲ. ಬ್ಯಾಕಪ್‌ನಿಂದ ನಿನ್ನೆ ದತ್ತಾಂಶ ಮರಳಿ ಬಂತೇ ಎಂಬುದಕ್ಕಾದರೆ ಹೌದು ಅಥವಾ ಇಲ್ಲ ಎಂಬ ಉತ್ತರವಿದೆ. ಮೊದಲ ಕ್ರಮ ತಪ್ಪಾಗುವ ಸಂಭವವನ್ನು ಕಡಿಮೆ ಮಾಡುತ್ತದೆ. ಉಳಿದವು ತಪ್ಪು ಆದ ಮೇಲೂ ಸೇವೆ ಬೇಗ ಏಳುವಂತೆ ಮಾಡುತ್ತವೆ.

ದೂಷಣೆ ಇಲ್ಲವೆಂದರೆ ಹೊಣೆ ಇಲ್ಲವೆಂದಲ್ಲ

ದೂಷಣೆರಹಿತ ಪರಿಶೀಲನೆಯ ಚಿಂತನೆಗೆ ವಿಮಾನಯಾನ ಮತ್ತು ವೈದ್ಯಕೀಯ ಕ್ಷೇತ್ರಗಳ ಸುರಕ್ಷತಾ ಅಧ್ಯಯನಗಳ ಹಿನ್ನೆಲೆಯಿದೆ. ತಂತ್ರಾಂಶ ವಲಯದಲ್ಲಿ ಅದನ್ನು ಜನಪ್ರಿಯಗೊಳಿಸಿದವರಲ್ಲಿ ಜಾನ್ ಆಲ್‌ಸ್ಪಾ ಪ್ರಮುಖರು. ಎಟ್ಸಿ ಎಂಬ ಅಂತರ್ಜಾಲ ಮಾರುಕಟ್ಟೆಯಲ್ಲಿದ್ದಾಗ, 2012ರಲ್ಲಿ, ಅವರು ಈ ವಿಷಯವಾಗಿ ಬರೆದ ಲೇಖನ ವ್ಯಾಪಕವಾಗಿ ಚರ್ಚೆಗೊಳಗಾಯಿತು. ಶಿಕ್ಷೆಯ ಭಯವಿರುವ ಕಡೆ ನೌಕರ ನಡೆದದ್ದನ್ನು ಪೂರ್ತಿಯಾಗಿ ಹೇಳುವುದಿಲ್ಲ, ಪೂರ್ತಿ ತಿಳಿಯದೆ ದೋಷ ತಿದ್ದುವುದು ಸಾಧ್ಯವಿಲ್ಲ ಎಂಬುದು ಇದರ ತಿರುಳು.

ಗಿಟ್‌ಲ್ಯಾಬ್ ಪ್ರಕರಣದಲ್ಲಿ ಇದು ಹೇಗೆ ನೆರವಾಯಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಆ ರಾತ್ರಿ ಎಂಜಿನಿಯರ್ ಏನೆಂದು ಭಾವಿಸಿದ್ದರು, ಪರದೆಯ ಮೇಲೆ ಏನು ಕಾಣುತ್ತಿತ್ತು, ಯಾವ ಊಹೆಯ ಮೇಲೆ ಮುಂದಿನ ಹೆಜ್ಜೆ ಇಟ್ಟರು ಎಂಬುದನ್ನು ಅವರಲ್ಲದೆ ಬೇರೆ ಯಾರೂ ಹೇಳಲಾರರು. ಮೌನವಾಗಿ ನಿಂತ ಉಪಕರಣ, ಬಿಟ್ಟುಹೋದ ಕಡತಗಳೆಂಬ ಶಂಕೆ, ಒಂದೇ ಅಂಕಿಯ ವ್ಯತ್ಯಾಸದ ಹೆಸರುಗಳು ದಾಖಲಾದದ್ದು ಅವರು ಮನಬಿಚ್ಚಿ ಹೇಳಿದ್ದರಿಂದ. ಅವರನ್ನು ಹೊರಹಾಕಿ ಕಡತ ಮುಚ್ಚಿದ್ದರೆ ಖಾಲಿ ಎಸ್3 ಸಂಗ್ರಹ ಖಾಲಿಯಾಗಿಯೇ ಉಳಿಯುತ್ತಿತ್ತು. ಅದೇ ಸ್ಥಾನಕ್ಕೆ ಬಂದ ಇನ್ನೊಬ್ಬರು ಅದೇ ಎರಡು ಹೆಸರುಗಳ ಮುಂದೆ ಕೂರುತ್ತಿದ್ದರು.

ಈ ವಿಧಾನಕ್ಕೆ ಆಕ್ಷೇಪವೂ ಇದೆ. ಎಲ್ಲ ತಪ್ಪನ್ನೂ ವ್ಯವಸ್ಥೆಯ ಮೇಲೆ ಹಾಕಿದರೆ ಕೊನೆಗೆ ಯಾರೂ ಉತ್ತರದಾಯಿಯಾಗುವುದಿಲ್ಲ ಎಂಬುದು ಟೀಕಾಕಾರರ ವಾದ. ಗಿಟ್‌ಲ್ಯಾಬ್ ವರದಿ ಈ ವಾದಕ್ಕೆ ತಕ್ಕ ಉತ್ತರವನ್ನು ತನ್ನೊಳಗೇ ಇಟ್ಟುಕೊಂಡಿದೆ. ಕಳೆದುಹೋದ ರಾತ್ರಿಗಾಗಿ ಅದು ಯಾರನ್ನೂ ದೂಷಿಸಲಿಲ್ಲ. ಆದರೆ ಹೊಣೆಗಾರರಿಲ್ಲದಿರುವುದೇ ಮೂಲ ಕಾರಣ ಎಂದು ಗುರುತಿಸಿ, ಮುಂದಿನ ದಿನಗಳಿಗಾಗಿ ಒಬ್ಬರನ್ನು ಹೊಣೆ ಮಾಡಿತು. ಆದ ತಪ್ಪಿಗೆ ವ್ಯಕ್ತಿಯನ್ನು ಹುಡುಕುವುದು ದೂಷಣೆ. ಆಗಬೇಕಾದ ಕೆಲಸಕ್ಕೆ ವ್ಯಕ್ತಿಯನ್ನು ನಿಗದಿ ಮಾಡುವುದು ಹೊಣೆಗಾರಿಕೆ. ಇವೆರಡೂ ಒಂದೇ ಅಲ್ಲ.

ಬ್ಯಾಂಕು, ರೈಲ್ವೆ ಟಿಕೆಟ್, ಸರ್ಕಾರಿ ಸೇವೆಗಳೆಲ್ಲ ಅಂತರ್ಜಾಲಕ್ಕೆ ಬಂದಿರುವ ಇಂದು ಸ್ಥಗಿತಗಳ ಸುದ್ದಿ ಅಪರೂಪವಲ್ಲ. 'ತಾಂತ್ರಿಕ ದೋಷ' ಎಂಬ ಎರಡು ಪದಗಳಲ್ಲಿ ಮುಗಿಯುವ ಪ್ರಕಟಣೆಯನ್ನು ಓದುವಾಗ ಕೇಳಬೇಕಾದ ಪ್ರಶ್ನೆಗಳನ್ನು ಈ ವರದಿ ಕಲಿಸುತ್ತದೆ. ಯಾವ ಗಂಟೆಯಿಂದ ಯಾವ ಗಂಟೆಯವರೆಗಿನ ಮಾಹಿತಿ ಹೋಯಿತು? ಏನು ಸುರಕ್ಷಿತವಾಗಿದೆ? ಸೇವೆ ಬಿದ್ದದ್ದಕ್ಕೂ ಏಳಲು ತಡವಾದದ್ದಕ್ಕೂ ಬೇರೆ ಬೇರೆ ಕಾರಣಗಳನ್ನು ಕೊಟ್ಟಿದ್ದಾರೆಯೇ? ಬ್ಯಾಕಪ್‌ನಿಂದ ಕೊನೆಯ ಬಾರಿ ದತ್ತಾಂಶವನ್ನು ಮರಳಿ ತಂದು ನೋಡಿದ್ದು ಯಾವಾಗ, ಮತ್ತು ಅದು ಯಾರ ಕೆಲಸ?

ಮುಖ್ಯಾಂಶಗಳು

- ಘಟನೆ: ಗಿಟ್‌ಲ್ಯಾಬ್ ಡಾಟ್ ಕಾಮ್‌ನ ಮುಖ್ಯ ಡೇಟಾಬೇಸ್ ಅಳಿಸಿಹೋದದ್ದು
- ದಿನಾಂಕ: 2017ರ ಜನವರಿ 31, 23.30ರ ಸುಮಾರು (ಭಾರತೀಯ ಕಾಲಮಾನ ಫೆಬ್ರುವರಿ 1, ಬೆಳಗಿನ 5 ಗಂಟೆ)
- ಸ್ಥಗಿತದ ಅವಧಿ: 18 ಗಂಟೆಗೂ ಹೆಚ್ಚು
- ಅಳಿದ ದತ್ತಾಂಶ: ಸುಮಾರು 300 ಗಿಗಾಬೈಟ್; ಮರಳಿ ಬಾರದ್ದು ಸುಮಾರು ಆರೂವರೆ ಗಂಟೆಗಳ ಬದಲಾವಣೆ
- ಚೇತರಿಕೆಯ ಆಧಾರ: ಅಂದು ಸಂಜೆ ಬೇರೊಂದು ಪ್ರಯೋಗಕ್ಕೆಂದು ತೆಗೆದ ಸ್ನ್ಯಾಪ್‌ಶಾಟ್
- ವರದಿ ಪ್ರಕಟಣೆ: 2017ರ ಫೆಬ್ರುವರಿ 10